ಹಲ್ಲು ತಪಾಸಣೆಗೆ ಅನುಮತಿ ಕೇಳಿ ಪ್ರಿನ್ಸಿಪಾಲರಿಗೆ ಬರೆದ ಪತ್ರ

ಶಾಲೆಯಲ್ಲಿ ಉಚಿತ ಹಲ್ಲು ತಪಾಸಣೆ ಶಿಬಿರ ಮಾಡಿಸೋಣ ಅಂತ ಹೊರಟಾಗ ಮೊದಲು ಎದುರಾದದ್ದು ಒಂದು ಗೋಜಲು. ಡಾಕ್ಟರುಗಳು "ಶಾಲೆಯಿಂದ ಪತ್ರ ಬರಲಿ, ಬರ್ತೀವಿ" ಅಂದರು. ಶಾಲೆಯವರು "ಯಾರು ಬರ್ತಾರೆ, ಏನು ಮಾಡ್ತಾರೆ ಅಂತ ಬರೆದುಕೊಡಿ, ಆಮೇಲೆ ನೋಡೋಣ" ಅಂದರು. ಇಬ್ಬರ ಮಾತೂ ಸರಿಯೇ. ನಡುವೆ ಇದ್ದವಳು ನಾನು. ಹಾಗಾಗಿ ಮೊದಲ ಪತ್ರ ಪೋಷಕರ ಕಡೆಯಿಂದಲೇ ಹೋಗಬೇಕಾಯಿತು.

ನಾವಿರುವುದು ಬಳ್ಳಾರಿಯಲ್ಲಿ. ನಾನು ಒಂದು ಜೀನ್ಸ್ ಹೊಲಿಯುವ ಘಟಕದಲ್ಲಿ ಲೆಕ್ಕ ಬರೆಯುತ್ತೇನೆ. ಮಗಳು ಎರಡನೇ ಕ್ಲಾಸು. ಶಾಲೆ ಖಾಸಗಿ, ಸರ್ಕಾರದ ಅನುದಾನ ಇಲ್ಲದ್ದು. ಈ ಕೊನೆಯ ವಿವರಕ್ಕೆ ಇಲ್ಲಿ ಕೆಲಸ ಇದೆ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಬಂದು ಮಕ್ಕಳನ್ನು ನೋಡುತ್ತದೆ. 2013ರಲ್ಲಿ ಶುರುವಾದ ಯೋಜನೆ ಅದು. ಅವರು ನೋಡಬೇಕಾದ ತೊಂದರೆಗಳ ಪಟ್ಟಿಯಲ್ಲಿ ಹುಳುಕು ಹಲ್ಲೂ ಇದೆ. ನಮ್ಮಂಥ ಶಾಲೆಗಳು ಮಾತ್ರ ಅವರ ಸುತ್ತಿನಲ್ಲಿ ಬರುವುದಿಲ್ಲ. ಫೀ ಕಟ್ಟುವವರೆಲ್ಲ ದುಡ್ಡಿದ್ದವರೇ ಅಂತ ಲೆಕ್ಕ ಇರಬೇಕು. ನಮ್ಮ ಶಾಲೆಯ ಗೇಟಿನ ಹತ್ತಿರ ನಿಂತು ನೋಡಿದರೆ ಗೊತ್ತಾಗುತ್ತದೆ: ಆಟೋ ಓಡಿಸುವವರು, ಹೊಲಿಗೆಯವರು, ಗಣಿ ಲಾರಿ ಡ್ರೈವರುಗಳು.

ಇನ್ನು ಉಳಿದದ್ದು ಊರಲ್ಲೇ ಇರುವ ಸರ್ಕಾರಿ ದಂತ ವೈದ್ಯಕೀಯ ಕಾಲೇಜು. ದಂತ ಕಾಲೇಜು ಅಂದ ಮೇಲೆ ಅಲ್ಲಿ ಸಾರ್ವಜನಿಕ ದಂತ ಆರೋಗ್ಯ ಅಂತ ಒಂದು ವಿಭಾಗ ಇರುತ್ತದೆ. ಶಾಲೆಗೆ, ಹಳ್ಳಿಗೆ ಹೋಗಿ ಹಲ್ಲು ನೋಡುವುದು ಅಲ್ಲಿನ ವಿದ್ಯಾರ್ಥಿಗಳ ಓದಿನ ಭಾಗವೇ. ಅವರು ಕರೆದರೆ ಬರುತ್ತಾರೆ, ಅದಕ್ಕೆ ದುಡ್ಡು ಕೇಳುವುದಿಲ್ಲ. ಇದು ಎಷ್ಟೋ ಪೋಷಕರಿಗೆ ಗೊತ್ತೇ ಇಲ್ಲ.

ಮಗಳ ಹಲ್ಲು ತೋರಿಸಲು ಹೋಗಿದ್ದಾಗ ಅಲ್ಲಿನ ಡಾಕ್ಟರಮ್ಮ ಅವಳ ಬಾಯಿಯ ಹಿಂಭಾಗಕ್ಕೆ ಚಿಕ್ಕ ಕನ್ನಡಿ ಹಿಡಿದು ನನ್ನನ್ನು ಬಗ್ಗಿ ನೋಡಲು ಹೇಳಿದರು. ಹಾಲು ಹಲ್ಲುಗಳ ಸಾಲು ಮುಗಿದ ಮೇಲೆ ಇನ್ನೊಂದು ದೊಡ್ಡ ದವಡೆ ಹಲ್ಲು ಇತ್ತು. ಅದರ ಮೇಲಿನ ಗೀರಿನಲ್ಲಿ ಸಾಸಿವೆಯ ಚುಕ್ಕಿಯಷ್ಟು ಕಂದು ಬಣ್ಣ. "ಇದು ಬಿದ್ದು ಹೋಗೋ ಹಲ್ಲಲ್ರಿ, ಮುದುಕಿ ಆಗೋವರೆಗೂ ಇರಬೇಕಾದ್ದು" ಅಂದರು. ಆರು ವರ್ಷದ ಸುಮಾರಿಗೆ ಈ ಹಲ್ಲು ಬರುತ್ತದೆ. ಇದಕ್ಕಾಗಿ ಯಾವ ಹಾಲು ಹಲ್ಲೂ ಬೀಳುವುದಿಲ್ಲ. ಸದ್ದಿಲ್ಲದೆ ಹಿಂದೆ ಹುಟ್ಟಿಕೊಳ್ಳುತ್ತದೆ. ಹಲ್ಲು ಬಿದ್ದಿಲ್ಲ ಅಂದ ಮೇಲೆ ಹೊಸದು ಬಂದಿದೆ ಅಂತ ಯಾವ ಮನೆಯಲ್ಲಿ ತಿಳಿಯುತ್ತದೆ? ಹಾಲು ಹಲ್ಲೇ ಇರಬೇಕು, ಬೀಳುತ್ತೆ ಬಿಡು ಅಂತ ಎಲ್ಲರೂ ಸುಮ್ಮನಾಗುತ್ತಾರೆ. ಗೀರು ಆಳ ಇದ್ದರೆ ಅನ್ನ, ಬಿಸ್ಕೆಟ್ ಅಲ್ಲಿ ಸಿಕ್ಕಿಕೊಂಡು ವರ್ಷ ಎರಡು ವರ್ಷದಲ್ಲಿ ತೂತು ಬೀಳುತ್ತದೆ. ಈ ಹಂತದಲ್ಲಿ ಸಿಕ್ಕರೆ ಆ ಗೀರು ಮುಚ್ಚುವ ಒಂದು ಲೇಪ ಹಚ್ಚಿ ಕಳಿಸುತ್ತಾರೆ. ಇಂಜೆಕ್ಷನ್ನೂ ಇಲ್ಲ, ಕೊರೆಯುವುದೂ ಇಲ್ಲ. ಮಗಳ ಕ್ಲಾಸಿನಲ್ಲಿ ಇರುವ ಮಕ್ಕಳೆಲ್ಲ ಇದೇ ವಯಸ್ಸಿನವರು ಅಲ್ವಾ ಅನ್ನಿಸಿದ್ದು ಅಲ್ಲೇ.

ಪ್ರಿನ್ಸಿಪಾಲ್ ಮೇಡಂ ಹತ್ತಿರ ಬರಿಗೈಯಲ್ಲೇ ಹೋಗಿದ್ದೆ. ಅವರಿಗೆ ಯಾವುದಕ್ಕೆ ಭಯ ಅಂತ ತಿಳಿಯದೆ ಪತ್ರ ಬರೆದು ಪ್ರಯೋಜನ ಇಲ್ಲ. ಅವರು ನೇರವಾಗಿಯೇ ಹೇಳಿದರು.

"ನೋಡ್ರಿ, ಉಚಿತ ಅಂದ್ರೆ ನನಗೆ ಮೊದಲು ಡೌಟ್ ಬರ್ತದ. ಹಿಂದೆ ಒಂದು ಕಣ್ಣಿನ ಕ್ಯಾಂಪ್ ಮಾಡಿಸಿದ್ವಿ. ಅರ್ಧ ಕ್ಲಾಸಿಗೆ ಕನ್ನಡಕ ಬರೆದ್ರು. ಎಲ್ಲ ಚೀಟಿ ಮೇಲೂ ಒಂದೇ ಅಂಗಡಿ ಹೆಸರು. ಮರುದಿನ ಪೋಷಕರೆಲ್ಲ ನನ್ನ ಟೇಬಲ್ ಮುಂದೆ."

ಆಮೇಲೆ ಒಂದೊಂದಾಗಿ ಕೇಳಿದರು. ಬಾಯಿಗೆ ಕೈ ಹಾಕುವವರು ಓದುತ್ತಿರುವ ಹುಡುಗರೋ ಡಾಕ್ಟರೋ? ಯಾವುದಾದರೂ ಮಗುವಿನ ಹಲ್ಲು ಕಿತ್ತುಬಿಟ್ಟರೆ? ಒಂದು ಮಗುವಿನ ಬಾಯಲ್ಲಿ ಹಾಕಿದ್ದನ್ನೇ ಇನ್ನೊಂದಕ್ಕೆ ಹಾಕಿದರೆ? ಪಾಠ ಎಷ್ಟು ಹೊತ್ತು ನಿಲ್ಲುತ್ತದೆ? ಪೋಷಕರು ಬೇಡ ಅಂದ ಮಗುವನ್ನು ಗಡಿಬಿಡಿಯಲ್ಲಿ ಕೂರಿಸಿಬಿಟ್ಟರೆ? ನಾನು ಕೂತಲ್ಲೇ ಬರೆದುಕೊಂಡೆ. ಆ ಪ್ರಶ್ನೆಗಳ ಪಟ್ಟಿಯೇ ಪತ್ರದ ಹಂದರ ಆಯಿತು. ಇವಕ್ಕೆಲ್ಲ ಉತ್ತರ ಕೊಡಬೇಕಾದವರು ಕಾಲೇಜಿನವರು. ಅವರನ್ನು ಕೇಳಿ, ಅವರು ಒಪ್ಪಿದ್ದನ್ನು ಮಾತ್ರ ಬರೆಯಲು ಶುರು ಮಾಡಿದೆ.

ಮೊದಲ ಪ್ರಶ್ನೆ, ಯಾರು ನೋಡುತ್ತಾರೆ ಅನ್ನುವುದು. ಶಿಬಿರಕ್ಕೆ ಬರುವವರಲ್ಲಿ ಹೆಚ್ಚಿನವರು ಇಂಟರ್ನ್‌ಗಳು. ಅಂದರೆ ಪರೀಕ್ಷೆ ಮುಗಿಸಿ ಒಂದು ವರ್ಷದ ತರಬೇತಿಯಲ್ಲಿ ಇರುವವರು. ಅವರು ಹಲ್ಲು ನೋಡಬಹುದು, ಆದರೆ ಅವರ ಮೇಲೆ ಒಬ್ಬ ಬೋಧಕ ಡಾಕ್ಟರು ಇರಬೇಕು. ದಂತ ವೈದ್ಯರಿಗೆ ರಾಜ್ಯದ ದಂತ ವೈದ್ಯ ಪರಿಷತ್ತಿನ ನೋಂದಣಿ ಸಂಖ್ಯೆ ಇರುತ್ತದೆ. ಆ ಬೋಧಕರ ಹೆಸರು, ಸಂಖ್ಯೆ ಮೊದಲೇ ಶಾಲೆಗೆ ಬರಬೇಕು. ಅವರು ಬೆಳಿಗ್ಗೆ ಮುಖ ತೋರಿಸಿ ಹೋಗಬಾರದು, ಮುಗಿಯುವವರೆಗೂ ಇರಬೇಕು.

ಎರಡನೆಯದು ಸಲಕರಣೆ. ಇದರಲ್ಲಿ ನಾನು ಸ್ವಲ್ಪ ಹಟ ಹಿಡಿದೆ. ತಪಾಸಣೆಗೆ ಬೇಕಾದದ್ದು ಹಿಡಿ ಇರುವ ಚಿಕ್ಕ ಕನ್ನಡಿ, ಬೆಳಕು, ಕೈಗವಸು, ಮಾಸ್ಕ್. ಅಷ್ಟೇ. ಪ್ರಶ್ನೆ ಇರುವುದು ಎಷ್ಟು ಕನ್ನಡಿ ತರುತ್ತಾರೆ ಅನ್ನುವುದರಲ್ಲಿ. 160 ಮಕ್ಕಳಿದ್ದರೆ 160 ಕನ್ನಡಿ ಬೇಕು, ಎಲ್ಲವೂ ಆಟೋಕ್ಲೇವ್‌ನಲ್ಲಿ ಹಬೆಯ ಒತ್ತಡಕ್ಕೆ ಇಟ್ಟು ಶುದ್ಧ ಮಾಡಿ ಪ್ಯಾಕ್ ಮಾಡಿದವು. ಇಲ್ಲವೆ ಒಮ್ಮೆ ಬಳಸಿ ಬಿಸಾಡುವ ಕನ್ನಡಿ. ಹತ್ತಿಪ್ಪತ್ತು ಕನ್ನಡಿ ತಂದು, ಒಂದು ಬಟ್ಟಲಿನ ಔಷಧಿ ನೀರಿನಲ್ಲಿ ಅದ್ದಿ ಅದ್ದಿ ಮುಂದಿನ ಮಗುವಿಗೆ ಹಾಕುವ ಶಿಬಿರಗಳೂ ನಡೆಯುತ್ತವೆ. ಹಾಗೆ ಎರಡು ನಿಮಿಷ ಅದ್ದಿದರೆ ಅದು ಶುದ್ಧ ಆಗುವುದಿಲ್ಲ. ಪೋಷಕರಿಗೆ ಇದನ್ನು ಗುರುತಿಸುವುದು ಸುಲಭ: ಮೇಜಿನ ಮೇಲೆ ಬಟ್ಟಲು ಇದೆಯೋ, ಮುಚ್ಚಿದ ಪೊಟ್ಟಣಗಳು ಇವೆಯೋ ನೋಡಿದರೆ ಸಾಕು.

ಇನ್ನೊಂದು ಮಾತನ್ನು ಡಾಕ್ಟರಮ್ಮ ತಾವಾಗಿಯೇ ಹೇಳಿದರು. ಚೂಪು ಮೊನೆಯ ಕಡ್ಡಿ ತರುವುದಿಲ್ಲ. ಹುಳುಕು ಶುರುವಾಗುವಾಗ ಮೇಲಿನ ಪದರ ಇನ್ನೂ ಹಾಗೇ ಇರುತ್ತದೆ, ಒಳಗೆ ಮಾತ್ರ ಮೆತ್ತಗಾಗಿರುತ್ತದೆ. ಚೂಪು ಕಡ್ಡಿಯಲ್ಲಿ ಚುಚ್ಚಿ ನೋಡಿದರೆ ಆ ಪದರ ಒಡೆದು, ಸರಿಹೋಗಬಹುದಾದ ಜಾಗದಲ್ಲಿ ತೂತೇ ಆಗಬಹುದು. ತುದಿಯಲ್ಲಿ ಸಣ್ಣ ಗುಂಡು ಇರುವ ಕಡ್ಡಿ ಬೇರೆ ಇದೆ. ಅದನ್ನು ಒತ್ತದೆ ಮೆಲ್ಲಗೆ ಆಡಿಸುತ್ತಾರೆ. ಇದನ್ನೂ ಪತ್ರಕ್ಕೆ ಸೇರಿಸಿದೆ.

ಸಮಯದ ಲೆಕ್ಕ ನನ್ನ ಕಸುಬು. ಬಾಯಿ ನೋಡಲು ಒಂದು ನಿಮಿಷ ಸಾಕು. ಆದರೆ ಮಗು ಬಂದು ಕೂರಬೇಕು, ಹೆಸರು ಸರಿಯಾಗಿದೆಯಾ ನೋಡಬೇಕು, ಡಾಕ್ಟರು ಹೇಳಿದ್ದನ್ನು ಪಕ್ಕದವರು ಬರೆಯಬೇಕು, ಕೈಗವಸು ಬದಲಿಸಬೇಕು. ಎಲ್ಲ ಸೇರಿ ಮೂರು ನಿಮಿಷ. ಒಂದು ಕುರ್ಚಿಗೆ ಗಂಟೆಗೆ 20 ಮಕ್ಕಳು, ಮೂರು ಕುರ್ಚಿಗೆ 60. ಹಾಗಾದರೆ 160 ಮಕ್ಕಳಿಗೆ ಎರಡು ಮುಕ್ಕಾಲು ಗಂಟೆ ಹತ್ತಿರ ಬೇಕು. ಮೂರು ಗಂಟೆ ಅಂತ ಬರೆದೆ. ಇಡೀ ಶಾಲೆಯನ್ನು ಒಂದೇ ದಿನ ನೋಡಿಸುವ ಆಸೆ ಬಿಟ್ಟಿದ್ದು ಈ ಲೆಕ್ಕದಿಂದಲೇ. 600 ಮಕ್ಕಳನ್ನು ಒಂದು ಬೆಳಿಗ್ಗೆ ನೋಡಿ ಮುಗಿಸಿದೆವು ಅಂತ ಯಾರಾದರೂ ಹೇಳಿದರೆ, ಅವರು ಎಷ್ಟು ಕುರ್ಚಿ ಹಾಕಿದ್ದರು ಅಂತ ಕೇಳಿ.

ಹಾಗಾಗಿ 1, 2, 3 ಮತ್ತು 7ನೇ ತರಗತಿ ಮಾತ್ರ. ಮೊದಲ ಮೂರು ಕ್ಲಾಸಿನಲ್ಲಿ ಆರು ವರ್ಷದ ದವಡೆ ಹಲ್ಲು ಹೊಸದಾಗಿ ಬಂದಿರುತ್ತದೆ. 7ನೇ ಕ್ಲಾಸಿಗೆ, ಅಂದರೆ ಹನ್ನೆರಡರ ಸುಮಾರಿಗೆ, ಅದರ ಹಿಂದೆ ಇನ್ನೊಂದು ಬರುತ್ತದೆ. ಹೊಸ ಹಲ್ಲು ಬಂದ ವರ್ಷದಲ್ಲಿ ನೋಡಿದರೆ ಉಳಿಸುವುದು ಸುಲಭ.

ನಮ್ಮ ಘಟಕದಲ್ಲಿ ಒಬ್ಬರು ಪತ್ರದ ಕರಡು ಓದಿ, "ಅಕ್ಕಾ, ಆರೋಗ್ಯವೇ ಭಾಗ್ಯ ಅಂತ ಒಂದು ಪ್ಯಾರಾ ಹಾಕ್ರಿ, ಚಲೋ ಕಾಣ್ತದ" ಅಂದರು. ಹಾಕಲಿಲ್ಲ. ಮೇಡಂಗೆ ಅದು ಗೊತ್ತಿರುವುದೇ. ಪತ್ರ ಕೊನೆಗೆ ಹೀಗೆ ನಿಂತಿತು.

ಇಂದ,
(ನನ್ನ ಹೆಸರು, ವಿಳಾಸ)
2ನೇ ತರಗತಿ ವಿದ್ಯಾರ್ಥಿನಿಯ ತಾಯಿ

ಗೆ,
ಪ್ರಾಂಶುಪಾಲರು
(ಶಾಲೆಯ ಹೆಸರು), ಬಳ್ಳಾರಿ

ಮಾನ್ಯರೇ,

ವಿಷಯ: 1, 2, 3 ಮತ್ತು 7ನೇ ತರಗತಿ ಮಕ್ಕಳಿಗೆ ಉಚಿತ ಹಲ್ಲು ತಪಾಸಣೆ ನಡೆಸಲು ಅನುಮತಿ ಕೋರಿ.

ನಗರದ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿನ ಸಾರ್ವಜನಿಕ ದಂತ ಆರೋಗ್ಯ ವಿಭಾಗದವರು ನಮ್ಮ ಶಾಲೆಗೆ ಬಂದು ಮಕ್ಕಳ ಹಲ್ಲು ನೋಡಲು ಮೌಖಿಕವಾಗಿ ಒಪ್ಪಿದ್ದಾರೆ. ಶಾಲೆಯ ಪತ್ರ ಸಿಕ್ಕ ಮೇಲೆ ತಂಡದ ಪಟ್ಟಿ ಮತ್ತು ಮೇಲ್ವಿಚಾರಕ ವೈದ್ಯರ ನೋಂದಣಿ ಸಂಖ್ಯೆಯನ್ನು ಲಿಖಿತವಾಗಿ ಕೊಡುತ್ತಾರೆ. ಮೇಲ್ವಿಚಾರಕ ವೈದ್ಯರು ಪೂರ್ತಿ ಸಮಯ ಶಾಲೆಯಲ್ಲೇ ಇರುತ್ತಾರೆ.

ಅಂದು ನಡೆಯುವುದು ತಪಾಸಣೆ ಮಾತ್ರ. ಹಲ್ಲು ಕೀಳುವುದು, ಇಂಜೆಕ್ಷನ್, ಹಲ್ಲು ಸ್ವಚ್ಛ ಮಾಡುವುದು, ಔಷಧಿ ಹಚ್ಚುವುದು, ಮಾತ್ರೆ ಕೊಡುವುದು ಯಾವುದೂ ಶಾಲೆಯಲ್ಲಿ ಇರುವುದಿಲ್ಲ. ಪ್ರತಿ ಮಗುವಿಗೆ ಬೇರೆ ಕನ್ನಡಿ, ಬೇರೆ ಕೈಗವಸು ಬಳಸುತ್ತಾರೆ. ಚೂಪು ಕಡ್ಡಿ ಬಳಸುವುದಿಲ್ಲ. ಬಳಸಿದ ಸಾಮಾನನ್ನು ತಂಡದವರೇ ವಾಪಸ್ ಒಯ್ಯುತ್ತಾರೆ, ಶಾಲೆಯ ಕಸದ ಬುಟ್ಟಿಗೆ ಹಾಕುವುದಿಲ್ಲ.

ಪೋಷಕರು ಸಹಿ ಮಾಡಿದ ಒಪ್ಪಿಗೆ ಚೀಟಿ ಇರುವ ಮಕ್ಕಳನ್ನು ಮಾತ್ರ ನೋಡುತ್ತಾರೆ. ಚೀಟಿ ಇದ್ದರೂ ಮಗು ಬೇಡ ಅಂದರೆ ಬಿಡುತ್ತಾರೆ. ಫಲಿತಾಂಶವನ್ನು ಮುಚ್ಚಿದ ಕವರಿನಲ್ಲಿ ಮನೆಗೆ ಕಳಿಸಲಾಗುವುದು, ತರಗತಿಯಲ್ಲಿ ಓದುವುದಿಲ್ಲ. ಮಕ್ಕಳ ಮುಖ ಕಾಣುವ ಫೋಟೋ ತೆಗೆಯುವುದಿಲ್ಲ. ಮಾಹಿತಿಯನ್ನು ಅಧ್ಯಯನಕ್ಕೆ ಬಳಸಬೇಕಾದರೆ ಬೇರೆ ಅನುಮತಿ ಕೇಳುತ್ತಾರೆ.

ಯಾವುದೇ ಕ್ಲಿನಿಕ್, ಪೇಸ್ಟ್ ಕಂಪನಿಯ ಬ್ಯಾನರ್, ಸ್ಯಾಂಪಲ್ ಇರುವುದಿಲ್ಲ. ಚಿಕಿತ್ಸೆ ಬೇಕಾದವರು ಕಾಲೇಜಿಗಾಗಲಿ, ತಮಗೆ ಇಷ್ಟವಾದ ದಂತ ವೈದ್ಯರ ಬಳಿಯಾಗಲಿ ಹೋಗಬಹುದು.

ಎಕ್ಸ್‌ರೇ ಇಲ್ಲದೆ ನೋಡುವುದರಿಂದ ಹಲ್ಲುಗಳ ಸಂದಿಯಲ್ಲಿ ಅಡಗಿದ ಹುಳುಕು ಕಾಣದೇ ಇರಬಹುದು. ಈ ಮಾತನ್ನು ಪೋಷಕರ ಚೀಟಿಯಲ್ಲೂ ಬರೆಯಲಾಗುವುದು.

ಸುಮಾರು 160 ಮಕ್ಕಳಿಗೆ ಬೆಳಿಗ್ಗೆ 9.45ರಿಂದ 12.45ರವರೆಗೆ ಸಮಯ ಬೇಕಾಗುತ್ತದೆ. ಹತ್ತು ಹತ್ತು ಮಕ್ಕಳಂತೆ ಕರೆದರೆ ಉಳಿದವರ ಪಾಠ ನಿಲ್ಲುವುದಿಲ್ಲ. ಪರೀಕ್ಷೆ ಇಲ್ಲದ ವಾರದ ಒಂದು ದಿನ, ಬೆಳಕಿರುವ ವರಾಂಡ, ಆರು ಕುರ್ಚಿ, ಮೂರು ಮೇಜು, ಕೈ ತೊಳೆಯುವ ನೀರು ಒದಗಿಸಲು ಕೋರುತ್ತೇನೆ. ಚೀಟಿ ಹಂಚುವುದು, ಸಂಗ್ರಹಿಸುವುದು, ಅಂದು ಮಕ್ಕಳನ್ನು ಕರೆತರುವುದನ್ನು ನಾನು ಮತ್ತು ಇನ್ನು ನಾಲ್ವರು ಪೋಷಕರು ನೋಡಿಕೊಳ್ಳುತ್ತೇವೆ.

ದಯವಿಟ್ಟು ಅನುಮತಿ ನೀಡಬೇಕೆಂದು ವಿನಂತಿ.

ತಮ್ಮ ವಿಶ್ವಾಸಿ,
(ಸಹಿ)

ಮೇಡಂ ಓದುವಾಗ ಎರಡನೇ ಪ್ಯಾರಾದ ಹತ್ತಿರ ಪೆನ್ನು ನಿಲ್ಲಿಸಿದರು. ಏನು ಮಾಡುವುದಿಲ್ಲ ಅಂತ ಬರೆದ ಸಾಲು ಅದು. ಅದರ ಕೆಳಗೆ ಗೆರೆ ಎಳೆದು, "ಇದನ್ನ ಹಾಗೇ ಪೋಷಕರ ಚೀಟಿಗೂ ಹಾಕ್ರಿ" ಅಂದರು. ಆಮೇಲೆ ಪತ್ರದ ಮೂಲೆಯಲ್ಲಿ 'ಷರತ್ತಿಗೆ ಒಳಪಟ್ಟು ಅನುಮತಿಸಿದೆ' ಅಂತ ಬರೆದು ಎರಡು ಷರತ್ತು ಸೇರಿಸಿದರು. ಒಂದೊಂದು ಕುರ್ಚಿಯ ಹತ್ತಿರ ಶಾಲೆಯ ಒಬ್ಬ ಟೀಚರ್ ನಿಂತಿರಬೇಕು. ಕಾಲೇಜಿನ ಪಟ್ಟಿಯಲ್ಲಿ ಹೆಸರಿಲ್ಲದ ಯಾರೂ ಒಳಗೆ ಬರಬಾರದು. ಎರಡೂ ನನಗೆ ಹೊಳೆದಿರಲಿಲ್ಲ, ಎರಡೂ ಒಳ್ಳೆಯ ಷರತ್ತು. ಶನಿವಾರ ಮಾಡೋಣವೇ ಅಂದಿದ್ದಕ್ಕೆ ಮಾತ್ರ ತಲೆ ಅಲ್ಲಾಡಿಸಿದರು. ಶನಿವಾರ ಬೆಳಗಿನ ಶಾಲೆ, ಮಕ್ಕಳು ಬೇಗ ಬಿಟ್ಟು ಹೋಗುತ್ತಾರೆ, ಬಾಕಿ ಉಳಿದವರನ್ನು ನೋಡಲು ಹೊತ್ತೇ ಇರುವುದಿಲ್ಲ. ಬುಧವಾರ ಅಂತ ಗೊತ್ತಾಯಿತು.

ಅನುಮತಿ ಸಿಕ್ಕಿತು ಅಂದರೆ ಕೆಲಸ ಮುಗಿಯಲಿಲ್ಲ. ಕಾಲೇಜಿಗೆ ಬೇಕಾದದ್ದು ಶಾಲೆಯ ಲೆಟರ್‌ಹೆಡ್‌ನಲ್ಲಿ ಪತ್ರ. ಅದನ್ನು ಮೇಡಂ ನಾಲ್ಕೇ ಸಾಲಿನಲ್ಲಿ ಬರೆಸಿದರು: ಯಾವ ತರಗತಿ, ಎಷ್ಟು ಮಕ್ಕಳು, ಯಾವ ದಿನ, ಯಾರನ್ನು ಸಂಪರ್ಕಿಸಬೇಕು. ನನ್ನ ಪತ್ರದ ಜೆರಾಕ್ಸ್ ಹಿಂದೆ ಪಿನ್ ಮಾಡಿದರು. ಹಾಗಾಗಿ ಕಾಲೇಜಿನವರಿಗೂ ಷರತ್ತುಗಳು ಬರಹದಲ್ಲೇ ತಲುಪಿದವು. ಅಲ್ಲಿಂದ ತಂಡದ ಪಟ್ಟಿ ಬಂತು.

ಒಪ್ಪಿಗೆ ಚೀಟಿಯಲ್ಲಿ ಮೇಡಂ ಜೊತೆ ಸಣ್ಣ ಚರ್ಚೆ ಆಯಿತು. 'ಬೇಡ ಅನ್ನುವವರು ಮಾತ್ರ ಬರೆದು ಕಳಿಸಿ' ಅಂದರೆ ಕಾಗದ ಕಡಿಮೆ ಅಂತ ಆಫೀಸಿನವರ ಸಲಹೆ. ಆದರೆ ಚೀಟಿ ಬ್ಯಾಗಿನ ತಳದಲ್ಲೇ ಉಳಿದ ಮಗುವನ್ನೂ ಒಪ್ಪಿದೆ ಅಂತ ಲೆಕ್ಕ ಹಾಕಿದಂತಾಗುತ್ತದೆ. ಸಹಿ ಇದ್ದರೆ ಮಾತ್ರ ಅಂತಲೇ ಉಳಿಸಿಕೊಂಡೆವು. ನಮ್ಮ ಊರಲ್ಲಿ ಮನೆಯೊಳಗೆ ತೆಲುಗು, ಉರ್ದು ಆಡುವವರು ಬಹಳ. ಚೀಟಿಯ ಒಂದು ಬದಿ ಕನ್ನಡ, ಇನ್ನೊಂದು ಬದಿ ತೆಲುಗು ಮತ್ತು ಉರ್ದು ಹಾಕಿಸಿದೆವು. ಉರ್ದು ಬರೆದುಕೊಟ್ಟವರು ಕೌಲ್ ಬಜಾರ್ ಕಡೆಯಿಂದ ಬರುವ ಒಬ್ಬ ತಾಯಿ. ಕೇಳಿದ್ದು ಮೂರೇ ವಿಷಯ: ಮಗುವಿಗೆ ಹೃದಯದ ತೊಂದರೆ ಇದೆಯಾ, ರಬ್ಬರ್ ಕೈಗವಸು ತಾಗಿದರೆ ಅಲರ್ಜಿ ಆಗುತ್ತದಾ, ಈಗ ಹಲ್ಲು ನೋವು ಇದೆಯಾ.

ಶಿಬಿರದ ದಿನ ವರಾಂಡದ ಉತ್ತರದ ಬದಿ ಕುರ್ಚಿ ಹಾಕಿದ್ದರು. ಬಿಸಿಲು ಕಣ್ಣಿಗೆ ಹೊಡೆಯದೆ ಬೆಳಕು ಮಾತ್ರ ಬರುವ ಜಾಗ. ಡಾಕ್ಟರುಗಳು ಹಣೆಗೆ ಲೈಟ್ ಕಟ್ಟಿಕೊಂಡಿದ್ದರು. ಮೊದಲ ಕ್ಲಾಸಿನ ಮಕ್ಕಳಿಗೆ ಅದೇ ಒಂದು ತಮಾಷೆ. ಒಬ್ಬ ಹುಡುಗ ಬಾಯಿ ತೆರೆಯಲಿಲ್ಲ, ಅವನನ್ನು ಬಿಟ್ಟರು. ಅರ್ಧ ಗಂಟೆ ಬಿಟ್ಟು ತಾನೇ ಸಾಲಿನಲ್ಲಿ ಬಂದು ನಿಂತ. ಒಟ್ಟಿನಲ್ಲಿ ಎಲ್ಲ ಪತ್ರದಲ್ಲಿ ಬರೆದಂತೆಯೇ ನಡೆಯಿತು. ಎರಡು ವಿಷಯ ಮಾತ್ರ ಇಲ್ಲಿ ಹೇಳಬೇಕು.

ಒಂದು, ಕಂದು ಹಲ್ಲು. ನಮ್ಮ ಶಾಲೆಗೆ ಸುತ್ತಲಿನ ಹಳ್ಳಿಗಳಿಂದ ಬಸ್ಸಿನಲ್ಲಿ ಬರುವ ಮಕ್ಕಳಿದ್ದಾರೆ. 7ನೇ ಕ್ಲಾಸಿನಲ್ಲಿ ಅಂಥ ಕೆಲವರ ಮುಂದಿನ ಹಲ್ಲುಗಳಲ್ಲಿ ಅಡ್ಡಡ್ಡ ಬಿಳಿ ಗೆರೆ, ಅಲ್ಲಲ್ಲಿ ಕಂದು ಪಟ್ಟೆ. ಟೀಚರ್ ಒಬ್ಬರು ಪಕ್ಕದಲ್ಲಿ ನಿಂತು, "ಎಷ್ಟು ಸಲ ಹೇಳಿದ್ರೂ ಸರಿಯಾಗಿ ಹಲ್ಲುಜ್ಜಲ್ಲ ನೋಡ್ರಿ ಇವರು" ಅಂದರು. ಡಾಕ್ಟರಮ್ಮ ಅಲ್ಲೇ ತಿದ್ದಿದರು. ಅದು ಉಜ್ಜದೆ ಬಂದದ್ದಲ್ಲ, ನೀರಿನಿಂದ ಬಂದದ್ದು. ಬಳ್ಳಾರಿ, ಕೊಪ್ಪಳ, ರಾಯಚೂರು ಮೂರೂ ಜಿಲ್ಲೆಯ ಎಷ್ಟೋ ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಇಲ್ಲಿನ ಗ್ರಾನೈಟ್ ಕಲ್ಲಿನೊಳಗಿಂದ ಅದು ನೀರಿಗೆ ಇಳಿಯುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗೆ ಇರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ ಅನ್ನುವುದು ನಮ್ಮ ದೇಶದ ಮಾನದಂಡ. ಅದಕ್ಕಿಂತ ಜಾಸ್ತಿ ಇರುವ ನೀರನ್ನು ಚಿಕ್ಕಂದಿನಿಂದ ಕುಡಿದರೆ, ಹಲ್ಲು ಒಸಡಿನ ಒಳಗೆ ಇನ್ನೂ ತಯಾರಾಗುತ್ತಿರುವಾಗಲೇ ಕಲೆ ಕೂತುಬಿಡುತ್ತದೆ. ಹೊರಗೆ ಬಂದ ಮೇಲೆ ಇದ್ದಿಲು, ಉಪ್ಪು, ಇಟ್ಟಿಗೆ ಪುಡಿ ಏನು ಹಾಕಿ ತಿಕ್ಕಿದರೂ ಹೋಗುವುದಿಲ್ಲ. ಹಲ್ಲು ಸವೆಯುತ್ತದೆ ಅಷ್ಟೇ. ನೀರು ಕಾಯಿಸಿದರೂ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಉಳಿದದ್ದರಲ್ಲಿ ಅದು ಹೆಚ್ಚೇ ಆಗುತ್ತದೆ.

ಹುಳುಕಿಗೂ ಇದಕ್ಕೂ ವ್ಯತ್ಯಾಸ ಹೇಗೆ ಅಂತ ಕೇಳಿದೆ. ನೀರಿನ ಕಲೆ ಬಾಯಿಯ ಎರಡೂ ಬದಿಯ ಅದೇ ಹಲ್ಲುಗಳಲ್ಲಿ ಜೋಡಿಯಾಗಿ ಇರುತ್ತದೆ. ಎಡಗಡೆ ಮುಂದಿನ ಹಲ್ಲಿನಲ್ಲಿ ಇದ್ದರೆ ಬಲಗಡೆಯದರಲ್ಲೂ ಇರುತ್ತದೆ. ಹುಳುಕು ಗೀರಿನಲ್ಲೋ, ಸಂದಿಯಲ್ಲೋ, ಒಸಡಿನ ಅಂಚಿನಲ್ಲೋ ಶುರುವಾಗುತ್ತದೆ. ಅದು ಹೀಗೆ ಜೋಡಿ ಹಿಡಿದೇ ಬರಬೇಕೆಂದಿಲ್ಲ. ಅಂದು ಒಬ್ಬ ಹುಡುಗಿ ನಗುವಾಗೆಲ್ಲ ಅಂಗೈ ಬಾಯಿಗೆ ಅಡ್ಡ ಹಿಡಿಯುತ್ತಿದ್ದಳು. ಫಲಿತಾಂಶ ಕ್ಲಾಸಿನಲ್ಲಿ ಓದಬಾರದು ಅಂತ ಬರೆದದ್ದು ಎಷ್ಟು ಬೇಕಾಗಿತ್ತು ಅಂತ ಆಗ ತಿಳಿಯಿತು.

ಇನ್ನೊಂದು, ನೋವಿಲ್ಲದ ಹಲ್ಲು. 3ನೇ ಕ್ಲಾಸಿನ ಒಂದು ಮಗುವಿನ ಚೀಟಿಯಲ್ಲಿ ಮನೆಯವರು 'ನೋವು ಇತ್ತು, ಈಗ ವಾಸಿಯಾಗಿದೆ' ಅಂತ ಬರೆದಿದ್ದರು. ಡಾಕ್ಟರು ಕೆಳಗಿನ ತುಟಿಯನ್ನು ಬೆರಳಿನಲ್ಲಿ ಸರಿಸಿ ತೋರಿಸಿದರು. ದವಡೆಯ ಹಾಲು ಹಲ್ಲಿನಲ್ಲಿ ದೊಡ್ಡ ತೂತು. ಅದರ ಬುಡದ ಒಸಡಿನ ಮೇಲೆ ಒಂದು ಹಳದಿ ಗುಳ್ಳೆ. ಒಳಗಿನ ನರ ಸತ್ತುಹೋಗಿದೆ, ಅದಕ್ಕೇ ನೋವು ನಿಂತಿದೆ. ಕೀವು ಹೊರಬರಲು ದಾರಿ ಮಾಡಿಕೊಂಡಿದೆ. ಹಾಲು ಹಲ್ಲು ತಾನೇ ಅಂತ ಬಿಡುವ ಹಾಗಿಲ್ಲ. ದವಡೆಯ ಹಾಲು ಹಲ್ಲುಗಳು ಹತ್ತು ಹನ್ನೆರಡು ವರ್ಷದವರೆಗೆ ಇರಬೇಕಾದವು. ಅದರ ಬೇರಿನ ಕೆಳಗೇ ಕಾಯಂ ಹಲ್ಲಿನ ಮೊಳಕೆ ಇರುತ್ತದೆ, ಕೀವು ಅದಕ್ಕೂ ತಾಗುತ್ತದೆ. ಹಲ್ಲನ್ನು ಬೇಗ ಕೀಳಿಸಿದರೆ ಪಕ್ಕದವು ಜರುಗಿ ಜಾಗ ಮುಚ್ಚಿ, ಮುಂದೆ ಬರುವ ಹಲ್ಲು ಸೊಟ್ಟ ಬರಬಹುದು.

ಫಲಿತಾಂಶದ ಚೀಟಿಯಲ್ಲಿ ಮೂರೇ ಮಾತು ಇಟ್ಟಿದ್ದೆವು: 'ಈಗ ಕಾಣುವಂಥ ತೊಂದರೆ ಇಲ್ಲ', 'ಒಂದು ತಿಂಗಳೊಳಗೆ ತೋರಿಸಿ', 'ಈ ವಾರವೇ ತೋರಿಸಿ'. ನೋವು, ಊತ, ಒಸಡಿನ ಗುಳ್ಳೆ ಇದ್ದವರಿಗೆ ಮೂರನೆಯದು. ಡಾಕ್ಟರುಗಳ ಭಾಷೆಯ ಕೋಡು, ಅಂಕಿ ಎಲ್ಲ ಕಾಲೇಜಿನ ಹಾಳೆಯಲ್ಲಿ ಉಳಿಯಿತು. ಚೀಟಿಯ ಕೆಳಗಿನ ತುಂಡು ಹರಿದುಕೊಡುವಂತೆ ಮಾಡಿಸಿದ್ದೆವು. ತೋರಿಸಿದ ಕಡೆ ಡಾಕ್ಟರರ ಸಹಿ ಹಾಕಿಸಿ ಶಾಲೆಗೆ ವಾಪಸ್ ಕೊಡಬೇಕು.

ಆ ತುಂಡುಗಳು ಬರಲಿಲ್ಲ. ಬಂದದ್ದು ಬೆರಳೆಣಿಕೆಯಷ್ಟು. ಶಿಬಿರಗಳು ಸೋಲುವುದು ಇಲ್ಲೇ ಅಂತ ಡಾಕ್ಟರಮ್ಮ ಮೊದಲೇ ಹೇಳಿದ್ದರು. ನಾವು ಪೋಷಕರು ಫೋನ್ ಮಾಡಿ ವಿಚಾರಿಸಿದೆವು. ಅಸಡ್ಡೆ ಅಂತ ಅಂದುಕೊಳ್ಳುವುದು ಸುಲಭ, ಆದರೆ ಕಾರಣ ಬೇರೆ ಇತ್ತು. ಕಾಲೇಜಿನ ಹೊರರೋಗಿ ವಿಭಾಗದ ಚೀಟಿ ಬೆಳಿಗ್ಗೆ ಮಾಡಿಸಬೇಕು. ನಮ್ಮ ಕಡೆ ಹೊಲಿಗೆಗೆ ಪೀಸಿನ ಲೆಕ್ಕದಲ್ಲಿ ಕೂಲಿ. ಬೆಳಗಿನ ಹೊತ್ತು ಮಿಷಿನ್ ಬಿಟ್ಟು ಎದ್ದರೆ ಆ ದಿನದ ಅರ್ಧ ದುಡ್ಡು ಹೋಯಿತು. ಗುಳ್ಳೆ ಇದ್ದ ಮಗುವಿನ ತಾಯಿಯೂ ಹೊಲಿಗೆಯವರೇ. "ನೋವಿಲ್ಲ ಅಕ್ಕಾ, ಸೀಸನ್ ಮುಗೀಲಿ" ಅಂದರು. ನೋವಿಲ್ಲದ್ದೇ ಯಾಕೆ ಕೆಟ್ಟದ್ದು ಅಂತ ಹೇಳಿ, ನಮ್ಮ ಮಾಲೀಕರ ಹತ್ತಿರ ಮಾತಾಡಿ ಮರುದಿನವೇ ಕಳಿಸಿದೆ. ಹಲ್ಲಿನೊಳಗಿನ ಕೀವು ತೆಗೆದು ತುಂಬಿ, ಹಲ್ಲು ಉಳಿಸಿದ್ದಾರೆ.

ಉಳಿದವರಿಗೆ ಮೇಡಂ ಒಂದು ದಾರಿ ಮಾಡಿದರು. ಚೀಟಿ ಸಿಕ್ಕ ಮಕ್ಕಳಿಗೆ ಬೆಳಗಿನ ಅರ್ಧ ದಿನ ಹಾಜರಿ ಕೊಡುವುದು, ಒಬ್ಬ ತಾಯಿ ನಾಲ್ಕು ಮಕ್ಕಳನ್ನು ಒಟ್ಟಿಗೆ ಕರೆದೊಯ್ಯುವುದು. ಇದಕ್ಕೆ ಕಾಲೇಜಿನವರು ಅರ್ಧ ಮಾತ್ರ ಒಪ್ಪಿದರು. ಮೊದಲ ಭೇಟಿಗೆ ಹೆತ್ತವರಲ್ಲಿ ಒಬ್ಬರು ಬರಲೇಬೇಕು, ಚಿಕಿತ್ಸೆಗೆ ಅವರ ಸಹಿ ಬೇಕು. ಆಮೇಲಿನ ಭೇಟಿಗಳಿಗೆ ಬೇರೆಯವರು ಕರೆತರಬಹುದು. ಈಗ ಹಾಗೇ ನಡೆಯುತ್ತಿದೆ. ಮುಂದಿನ ವರ್ಷದ ಪತ್ರಕ್ಕೆ ನಾನು ಈಗಲೇ ಒಂದು ಸಾಲು ಬರೆದಿಟ್ಟಿದ್ದೇನೆ: 'ಶಿಬಿರದ ದಿನವೇ, ಮಕ್ಕಳನ್ನು ಕರೆದೊಯ್ಯಲು ಪೋಷಕರು ಬರುವ ಸಂಜೆ ನಾಲ್ಕರ ಹೊತ್ತಿಗೆ, ಕಾಲೇಜಿನ ಒಬ್ಬರು ಗೇಟಿನ ಬಳಿ ಕೂತು ಮೊದಲ ಭೇಟಿಯ ದಿನ ಗೊತ್ತು ಮಾಡಿ, ಒಪ್ಪಿಗೆಯ ಕಾಗದ ವಿವರಿಸಿ ಕೊಡಬೇಕು.' ಕಾಲೇಜಿನವರು ಒಪ್ಪುತ್ತಾರಾ ಅಂತ ಇನ್ನೂ ಕೇಳಬೇಕು.